ಗಡಿಯಾರ ಓಡುವಾಗ ಆಡುವ ನಡೆ

2021ರ ಡಿಸೆಂಬರ್ 3, ದುಬೈ. ವಿಶ್ವ ಚೆಸ್ ಚಾಂಪಿಯನ್‌ಶಿಪ್‌ನ ಆರನೇ ಆಟ. ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ಬಿಳಿ ಕಾಯಿಗಳಲ್ಲಿ ಆಡುತ್ತಿದ್ದರು, ಎದುರಿಗೆ ರಷ್ಯಾದ ಇಯಾನ್ ನೆಪೊಮ್ನಿಯಾಶಿ. ಮೂವತ್ತು ನಡೆ ದಾಟುವ ಹೊತ್ತಿಗೆ ಹಲಗೆ ಸಿಕ್ಕುಸಿಕ್ಕಾಗಿತ್ತು. 26ನೇ ನಡೆಯಲ್ಲಿ ಕಾರ್ಲ್‌ಸನ್ ತಮ್ಮ ರಾಣಿಯನ್ನು ಕೊಟ್ಟು ಎದುರಾಳಿಯ ಎರಡು ಆನೆಗಳನ್ನು ಪಡೆದಿದ್ದರು. ಒಂದು ಕಡೆ ಎರಡು ಆನೆ ಮತ್ತು ಒಂದು ಕುದುರೆ, ಇನ್ನೊಂದು ಕಡೆ ರಾಣಿ ಮತ್ತು ಒಂದು ಒಂಟೆ. ಯಾರು ಮುಂದಿದ್ದಾರೆ ಎಂದು ಎಣಿಸಿ ಹೇಳಲಾಗದ ಲೆಕ್ಕ ಅದು. ಇಬ್ಬರ ಗಡಿಯಾರದಲ್ಲೂ ಕೆಲವೇ ನಿಮಿಷಗಳು ಉಳಿದಿದ್ದವು.

ಆ ಪಂದ್ಯದ ಸಮಯದ ನಿಯಮ ನಿರ್ದಯವಾಗಿತ್ತು. ಮೊದಲ 40 ನಡೆಗೆ ಒಬ್ಬೊಬ್ಬರಿಗೆ 120 ನಿಮಿಷ. 40 ನಡೆ ಮುಗಿಸಿದರೆ ಮುಂದಿನ 20 ನಡೆಗೆ ಇನ್ನೊಂದು ಗಂಟೆ. ಈಗಿನ ಬಹುತೇಕ ದೊಡ್ಡ ಪಂದ್ಯಾವಳಿಗಳಲ್ಲಿ ಪ್ರತಿ ನಡೆಗೂ 30 ಸೆಕೆಂಡ್ ಸೇರುತ್ತಾ ಹೋಗುತ್ತದೆ. ದುಬೈಯಲ್ಲಿ ಆ ಸೌಲಭ್ಯ ಶುರುವಾಗುತ್ತಿದ್ದುದು 61ನೇ ನಡೆಯಿಂದ. ಅಂದರೆ 33ನೇ ನಡೆಯಲ್ಲಿ ಮೂರು ನಿಮಿಷ ಉಳಿದಿದ್ದರೆ ಆ ಮೂರೇ ನಿಮಿಷದಲ್ಲಿ ಎಂಟು ನಡೆ ಆಡಬೇಕು. ನಡೆಯೊಂದಕ್ಕೆ ಇಪ್ಪತ್ತು ಸೆಕೆಂಡ್‌ಗಿಂತ ತುಸು ಹೆಚ್ಚು. ಒಂದು ಸೆಕೆಂಡ್ ತಪ್ಪಿದರೂ ಆಟ ಹೋಯಿತು, ಹಲಗೆಯ ಮೇಲೆ ಎಷ್ಟೇ ಚೆನ್ನಾಗಿದ್ದರೂ ಅಷ್ಟೇ.

ಇಂಥ ಹೊತ್ತಿನಲ್ಲಿ ತರಬೇತುದಾರರು ಹೇಳುವ ಮಾತು ಒಂದೇ: ಅತ್ಯುತ್ತಮ ನಡೆ ಹುಡುಕಬೇಡ, ಭದ್ರವಾದ ನಡೆ ಆಡು. ಮಾತು ಸರಿ. ಆದರೆ ಭದ್ರವಾದ ನಡೆ ಯಾವುದು ಎಂಬಲ್ಲಿ ಬಹಳ ಮಂದಿ ಎಡವುತ್ತಾರೆ. ಕಾಯಿಗಳನ್ನು ಹಿಂದಕ್ಕೆ ಎಳೆದುಕೊಳ್ಳುವುದೇ ಭದ್ರತೆ ಎಂದು ಕೆಲವರು ತಿಳಿಯುತ್ತಾರೆ. ಕಾಯಿಗೆ ಕಾಯಿ ಹೊಡೆದು ಹಲಗೆ ಖಾಲಿ ಮಾಡಿಬಿಟ್ಟರೆ ಭದ್ರ ಎಂದು ಇನ್ನು ಕೆಲವರು. ಎರಡೂ ಕೆಲವೊಮ್ಮೆ ಸರಿ, ಕೆಲವೊಮ್ಮೆ ಆಟವನ್ನೇ ಕಳೆಯುವ ದಾರಿ. ನನ್ನ ಮಟ್ಟಿಗೆ ಭದ್ರ ನಡೆಯ ಗುರುತು ಬೇರೆ. ಆ ನಡೆ ಆಡಿದ ಮೇಲೆ ನಾನು ಲೆಕ್ಕ ಹಾಕಬೇಕಾದದ್ದು ಕಡಿಮೆಯಾಗಬೇಕು, ಮತ್ತು ಅದು ಸರಿಯಿಲ್ಲ ಎನಿಸಿದರೆ ಮುಂದಿನ ನಡೆಯಲ್ಲಿ ತಿದ್ದಿಕೊಳ್ಳುವಂತಿರಬೇಕು. ಎರಡು ಪ್ರಸಿದ್ಧ ಆಟಗಳನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಒಂದು ಈ ದುಬೈ ಆಟ. ಇನ್ನೊಂದು, ಭಾರತದವರು ಮರೆಯಲಾರದ ಸಿಂಗಪುರದ ಆಟ.

ದುಬೈಗೆ ಮರಳೋಣ. ಚೌಕಗಳ ಹೆಸರು ಗೊತ್ತಿಲ್ಲದವರಿಗೆ ಒಂದು ಮಾತು. ಬಿಳಿ ಆಟಗಾರನ ಎಡದಿಂದ ಬಲಕ್ಕೆ ಎಂಟು ಕಂಬಸಾಲುಗಳಿಗೆ ಎ, ಬಿ, ಸಿ ಎಂದು ಎಚ್‌ವರೆಗೆ ಹೆಸರು; ಬಿಳಿಯ ಕಡೆಯಿಂದ ಕಪ್ಪಿನ ಕಡೆಗೆ ಅಡ್ಡಸಾಲುಗಳಿಗೆ 1ರಿಂದ 8. ಕಾರ್ಲ್‌ಸನ್ ಅವರ ಕುದುರೆ ಡಿ3ರಲ್ಲಿ ನಿಂತಿತ್ತು. ಒಂದು ಆನೆ ಸಿ5ರಲ್ಲಿ, ಮುಂದೆ ಹೋಗಿ ಕೂತಿತ್ತು. ಇನ್ನೊಂದು ಆನೆ ಡಿ1ರಲ್ಲಿ, ಕುದುರೆಯ ಬೆನ್ನ ಹಿಂದೆ. ನೆಪೊಮ್ನಿಯಾಶಿ ತಮ್ಮ ರಾಣಿಯನ್ನು ಡಿ7ಕ್ಕೆ ತಂದು ಡಿ ಸಾಲಿನಲ್ಲಿ ನೇರ ಎದುರಾಗಿ ನಿಲ್ಲಿಸಿದ್ದರು. 35ನೇ ನಡೆಯಲ್ಲಿ ಅವರು ಕಾಲಾಳನ್ನು ಇ5ಕ್ಕೆ ನೂಕಿದರು. ಮುಂದಿನ ನಡೆಯಲ್ಲಿ ಅದೇ ಕಾಲಾಳು ಇ4ಕ್ಕೆ ಬಂದರೆ ಕುದುರೆ ಏಳಲೇಬೇಕು. ಕುದುರೆ ಎದ್ದರೆ ಅದರ ಹಿಂದಿನ ಡಿ1 ಆನೆ ರಾಣಿಯ ಬಾಯಿಗೆ ಬೀಳುತ್ತದೆ, ಏಕೆಂದರೆ ಆ ಆನೆಗೆ ಯಾವ ಕಾಯಿಯ ಕಾವಲೂ ಇಲ್ಲ.

ರಾಣಿಯ ಎದುರು ಬಿಡಿ ಕಾಯಿಗಳನ್ನು ಇಟ್ಟುಕೊಂಡು ಆಡುವವನ ಮುಖ್ಯ ಅಪಾಯ ಇದು. ರಾಣಿ ಎಲ್ಲ ದಿಕ್ಕಿಗೂ ಹೋಗಬಲ್ಲಳು. ಒಂದೇ ನೆಗೆತದಲ್ಲಿ ರಾಜನಿಗೆ ಚೆಕ್ ಕೊಟ್ಟು ಇನ್ನೊಂದು ಮೂಲೆಯಲ್ಲಿ ಕಾವಲಿಲ್ಲದೆ ನಿಂತ ಕಾಯಿಯ ಮೇಲೂ ಕಣ್ಣಿಡಬಲ್ಲಳು. ಸಮಯ ಇದ್ದಾಗ ಇಂಥ ಜೋಡಿ ದಾಳಿಗಳನ್ನು ಮೊದಲೇ ಕಾಣಬಹುದು. ಇಪ್ಪತ್ತು ಸೆಕೆಂಡ್‌ನಲ್ಲಿ ಎಲ್ಲವನ್ನೂ ಕಾಣಲು ಯಾರಿಂದಲೂ ಆಗದು, ವಿಶ್ವ ಚಾಂಪಿಯನ್‌ನಿಂದಲೂ ಆಗದು. ಇಂಗ್ಲೆಂಡಿನ ಗ್ರ್ಯಾಂಡ್‌ಮಾಸ್ಟರ್ ಜಾನ್ ನನ್ ತಮ್ಮ ಬರಹಗಳಲ್ಲಿ ಒತ್ತಿ ಹೇಳುತ್ತಾ ಬಂದಿರುವುದು ಇದನ್ನೇ: ಕಾವಲಿಲ್ಲದ ಕಾಯಿ ಇವತ್ತಲ್ಲ ನಾಳೆ ಹೋಗುತ್ತದೆ.

ಕಾರ್ಲ್‌ಸನ್ ಏನು ಮಾಡಿದರು? 36ನೇ ನಡೆಯಲ್ಲಿ ಸಿ5ರ ಆನೆಯನ್ನು ಸಿ2ಕ್ಕೆ ಇಳಿಸಿದರು. 37ನೇ ನಡೆಯಲ್ಲಿ ಡಿ1ರ ಆನೆಯನ್ನು ಡಿ2ಕ್ಕೆ ಏರಿಸಿದರು. ನೋಡುವವರಿಗೆ ಇದರಲ್ಲಿ ಏನೂ ಕಾಣಿಸದು. ದಾಳಿಯಿಲ್ಲ, ಬೆದರಿಕೆಯಿಲ್ಲ, ಎರಡು ಆನೆಗಳು ಎರಡನೇ ಸಾಲಿನಲ್ಲಿ ಅಕ್ಕಪಕ್ಕ ನಿಂತವು, ಅಷ್ಟೆ. ಆದರೆ ಈಗ ಕಾವಲಿನ ಲೆಕ್ಕ ನೋಡಿ. ಸಿ2 ಆನೆ ಡಿ2 ಆನೆಯನ್ನು ಕಾಯುತ್ತದೆ, ಡಿ2 ಆನೆ ಸಿ2 ಆನೆಯನ್ನು ಕಾಯುತ್ತದೆ. ಡಿ2 ಆನೆ ಡಿ3ರ ಕುದುರೆಯನ್ನೂ ಕಾಯುತ್ತದೆ. ಆ ಕುದುರೆ ಬಿ4ರ ಕಾಲಾಳನ್ನು ಕಾಯುತ್ತದೆ. ರಾಜನ ಮುಂದಿನ ಎಫ್2 ಕಾಲಾಳಿಗೆ ಕುದುರೆಯ ಬೆಂಬಲವಿದೆ. ರಾಣಿ ಎಲ್ಲಿಗೆ ಹಾರಿದರೂ ಸುಮ್ಮನೆ ಬಾಯಿಗೆ ಹಾಕಿಕೊಳ್ಳಬಹುದಾದ ಕಾಯಿ ಒಂದೂ ಇಲ್ಲ.

ಇದರ ಫಲ ತಕ್ಷಣವೇ ಕಂಡಿತು. ನೆಪೊಮ್ನಿಯಾಶಿ ರಾಣಿಯನ್ನು ಬಿ3ಕ್ಕೆ ತಂದರು. ಅಲ್ಲಿಂದ ಅದು ಸಿ2 ಆನೆ, ಡಿ3 ಕುದುರೆ, ಬಿ4 ಕಾಲಾಳು, ಮೂರನ್ನೂ ಒಟ್ಟಿಗೆ ಮುಟ್ಟುತ್ತದೆ. ಎರಡು ನಡೆ ಹಿಂದೆ ಹೀಗಾಗಿದ್ದರೆ ಎದೆ ಧಸಕ್ಕೆನ್ನಬೇಕಿತ್ತು. ಈಗ ಮೂರಕ್ಕೂ ಕಾವಲಿದೆ, ಗಾಬರಿಯ ಕಾರಣವಿಲ್ಲ. ಕಾರ್ಲ್‌ಸನ್ ಆನೆಯನ್ನು ಎ2ಕ್ಕೆ ಸರಿಸಿ ಎ3ರಲ್ಲಿದ್ದ ಕಪ್ಪು ಒಂಟೆಯ ಮೇಲೆ ಒತ್ತಡ ಹಾಕಿದರು. ಆನೆ ಹಾಗೆ ಸರಿದಾಗಲೂ ಎರಡು ಆನೆಗಳ ನಡುವಿನ ಕಾವಲು ತಪ್ಪಲಿಲ್ಲ, ಎರಡೂ ಅದೇ ಎರಡನೇ ಸಾಲಿನಲ್ಲಿದ್ದವು. ಕಪ್ಪು ಕಾಲಾಳು ಇ4ಕ್ಕೆ ಬಂತು, ಕುದುರೆ ಸಿ5ಕ್ಕೆ ಹಾರಿ ರಾಣಿಯ ಮೇಲೆಯೇ ಬಿತ್ತು, ರಾಣಿ ಬಿ4ರ ಕಾಲಾಳನ್ನು ತಿಂದಿತು. 40ನೇ ನಡೆಯಲ್ಲಿ ಕುದುರೆ ಇ4ರ ಕಾಲಾಳನ್ನು ತಿಂದಿತು.

ಈ ಕೊನೆಯ ನಡೆಯಲ್ಲಿ ಮಾತ್ರ ಸ್ವಲ್ಪ ಲೆಕ್ಕ ಬೇಕಿತ್ತು. ಬಿ4ರಲ್ಲಿದ್ದ ಕಪ್ಪು ರಾಣಿ ಅಡ್ಡಸಾಲಿನಲ್ಲಿ ಬಂದು ಇ4ರ ಕುದುರೆಯನ್ನು ಹೊಡೆಯಬಹುದು. ಆದರೆ ಎ3ರ ಒಂಟೆಯನ್ನು ಕಾಯುತ್ತಿದ್ದವಳೂ ಅದೇ ರಾಣಿ. ಅವಳು ಕುದುರೆಗೆ ಹೋದರೆ ಎ2ರ ಆನೆ ಒಂಟೆಯನ್ನು ತಿನ್ನುತ್ತದೆ, ಲೆಕ್ಕ ಸಮ. ಒಂದು ನಡೆ ಆಚೆ, ಒಂದು ನಡೆ ಈಚೆ, ಅಲ್ಲಿಗೆ ಮುಗಿಯಿತು. ಕೆಲವು ಸೆಕೆಂಡ್‌ಗಳಲ್ಲಿ ನೋಡಿ ಮುಗಿಸಬಹುದಾದ ಉದ್ದ ಅಷ್ಟೇ. ನೆಪೊಮ್ನಿಯಾಶಿ ಆ ದಾರಿಗೆ ಹೋಗದೆ ರಾಣಿಯನ್ನು ಬಿ3ಕ್ಕೆ ಹಿಂತೆಗೆದರು. 40 ನಡೆ ದಾಟಿತು, ಇಬ್ಬರಿಗೂ ಇನ್ನೊಂದು ಗಂಟೆ ಸಿಕ್ಕಿತು.

ಇವೆಲ್ಲ ಅತ್ಯುತ್ತಮ ನಡೆಗಳಾಗಿದ್ದವೇ? ಅಲ್ಲ. ಆಟ ಮುಗಿದ ಮೇಲೆ ಕಂಪ್ಯೂಟರ್ ಇಟ್ಟು ನೋಡಿದವರಿಗೆ ಆ ಸಮಯದ ಇಕ್ಕಟ್ಟಿನಲ್ಲಿ ಇಬ್ಬರೂ ಕೈಬಿಟ್ಟ ಅವಕಾಶಗಳು ಕಂಡವು. 33ನೇ ನಡೆಯಲ್ಲೇ ಕಾರ್ಲ್‌ಸನ್ ಸಿ5ರ ಆನೆಯನ್ನು ಸಿ2ಕ್ಕೆ ತಂದಿದ್ದರೆ ಕಪ್ಪು ಒಂಟೆ ಭಾರೀ ತೊಂದರೆಗೆ ಸಿಕ್ಕುತ್ತಿತ್ತು. ಅವರು ಆಗ ಆಡಿದ್ದು ಇನ್ನೊಂದು ಆನೆಯನ್ನು ಡಿ1ಕ್ಕೆ. ಆದರೆ ಆಟದ ಫಲಿತಾಂಶ ನಿಂತಿದ್ದು 40ನೇ ನಡೆಯ ನಂತರವೂ ಕಾಯಿಗಳೆಲ್ಲ ಕಾವಲಿನಲ್ಲೇ ಉಳಿದಿದ್ದರ ಮೇಲೆ. ಆಟ ಮುಂದೆ 136 ನಡೆಗಳವರೆಗೆ, ಏಳೂಮುಕ್ಕಾಲು ಗಂಟೆ ನಡೆಯಿತು. ವಿಶ್ವ ಚಾಂಪಿಯನ್‌ಶಿಪ್ ಇತಿಹಾಸದಲ್ಲೇ ಅಷ್ಟು ಉದ್ದದ ಆಟ ಅದುವರೆಗೆ ನಡೆದಿರಲಿಲ್ಲ. ಕೊನೆಗೆ ಒಂದು ಆನೆ, ಒಂದು ಕುದುರೆ, ಎರಡು ಕಾಲಾಳು ಒಂದಕ್ಕೊಂದು ಆಸರೆಯಾಗಿ ಮುಂದೆ ಸಾಗುತ್ತಾ ಒಂಟಿ ರಾಣಿಯನ್ನು ಸೋಲಿಸಿದವು. ಐದು ಆಟ ಡ್ರಾ ಆಗಿದ್ದ ಪಂದ್ಯದಲ್ಲಿ ಅದೇ ಮೊದಲ ಗೆಲುವು. ಅಲ್ಲಿಂದ ನೆಪೊಮ್ನಿಯಾಶಿ ಚೇತರಿಸಿಕೊಳ್ಳಲಿಲ್ಲ, ಕಾರ್ಲ್‌ಸನ್ 7.5–3.5ರಿಂದ ಪಂದ್ಯ ಗೆದ್ದರು.

ಆನೆಗಳನ್ನು ಅಕ್ಕಪಕ್ಕ ತರುವ ನಡೆಯಲ್ಲಿ ನನಗೆ ಎದ್ದು ಕಾಣುವ ಗುಣ ಇನ್ನೊಂದಿದೆ. ಅದು ಏನನ್ನೂ ಮುಗಿಸಲಿಲ್ಲ. ಯಾವ ಕಾಯಿಯೂ ಹಲಗೆಯಿಂದ ಹೋಗಲಿಲ್ಲ, ಯಾವ ಕಾಲಾಳೂ ಮುಂದೆ ಹೋಗಲಿಲ್ಲ. ಕಾಲಾಳು ಹಿಂದೆ ಬರುವುದಿಲ್ಲ, ಹೊಡೆದ ಕಾಯಿ ಮತ್ತೆ ಹಲಗೆಗೆ ಬರುವುದಿಲ್ಲ. ಆನೆ ಮಾತ್ರ ನಾಳೆ ಬೇಡವೆನಿಸಿದರೆ ಬಂದ ದಾರಿಯಲ್ಲೇ ಹೋಗಬಹುದು. ಲೆಕ್ಕ ಹಾಕಲು ಪುರುಸೊತ್ತಿಲ್ಲದಿದ್ದಾಗ ಹಿಂತಿರುಗಲು ದಾರಿಯಿರುವ ನಡೆಗೆ ಹೆಚ್ಚಿನ ಬೆಲೆ. ಇದರ ಎದುರು ಬದಿ ಎಷ್ಟು ಕಠೋರವಾಗಿರಬಹುದು ಎಂಬುದನ್ನು ಸಿಂಗಪುರದಲ್ಲಿ ಕಂಡೆವು.

2024ರ ಡಿಸೆಂಬರ್ 12. ಚೀನಾದ ಡಿಂಗ್ ಲಿರೆನ್ ಮತ್ತು ನಮ್ಮ ಡಿ. ಗುಕೇಶ್ ನಡುವಿನ ವಿಶ್ವ ಚಾಂಪಿಯನ್‌ಶಿಪ್‌ನ ಹದಿನಾಲ್ಕನೇ, ಕೊನೆಯ ಆಟ. ಅಂಕ 6.5–6.5. ಈ ಆಟವೂ ಡ್ರಾ ಆದರೆ ಮರುದಿನ ಕಡಿಮೆ ಸಮಯದ ಆಟಗಳಲ್ಲಿ ತೀರ್ಮಾನ. ಬಿಳಿ ಕಾಯಿಯ ಡಿಂಗ್ ಒಂದು ಕಾಲಾಳು ಹಿಂದಿದ್ದರು, ಆದರೂ ಆಟ ಡ್ರಾದ ದಾರಿಯಲ್ಲೇ ಇತ್ತು. ಅವರ ಗಡಿಯಾರದಲ್ಲಿ ಕೆಲವೇ ನಿಮಿಷಗಳು, ಗುಕೇಶ್ ಬಳಿ ಅದಕ್ಕಿಂತ ಬಹಳ ಹೆಚ್ಚು. ಈ ಪಂದ್ಯದಲ್ಲಿ 41ನೇ ನಡೆಯಿಂದ ಪ್ರತಿ ನಡೆಗೆ 30 ಸೆಕೆಂಡ್ ಸೇರುತ್ತಿತ್ತು, ಹಾಗಾಗಿ ಗಡಿಯಾರ ಒಮ್ಮೆಲೇ ಕತ್ತು ಹಿಸುಕುವ ಸ್ಥಿತಿ ಇರಲಿಲ್ಲ. ಆದರೆ ಗಂಟೆಗಟ್ಟಲೆ ಬರೀ ತಡೆಯುತ್ತಾ ಕೂತವನಿಗೆ ಬೇಗ ಮುಗಿದರೆ ಸಾಕು ಎಂಬ ಆಸೆ ಹುಟ್ಟುತ್ತದೆ. ಅದೂ ಒಂದು ಬಗೆಯ ಸಮಯದ ಒತ್ತಡವೇ.

54 ನಡೆ ಮುಗಿದಾಗ ಹಲಗೆಯ ಮೇಲಿದ್ದದ್ದು ಇಷ್ಟು. ಬಿಳಿಗೆ ಜಿ1ರಲ್ಲಿ ರಾಜ, ಎಫ್4ರಲ್ಲಿ ಆನೆ, ಎ8ರ ಮೂಲೆಯಲ್ಲಿ ಒಂಟೆ, ಜಿ3ರಲ್ಲಿ ಒಂದೇ ಕಾಲಾಳು. ಕಪ್ಪಿಗೆ ಇ5ರಲ್ಲಿ ರಾಜ, ಬಿ2ರಲ್ಲಿ ಆನೆ, ಇ6ರಲ್ಲಿ ಒಂಟೆ, ಎಫ್5 ಮತ್ತು ಜಿ4ರಲ್ಲಿ ಎರಡು ಕಾಲಾಳು. ಡಿಂಗ್ ತಮ್ಮ ಆನೆಯನ್ನು ಎಫ್2ಕ್ಕೆ ತಂದು ಆನೆಗೆ ಆನೆ ಬದಲಿಸೋಣ ಎಂದರು. ಕಣ್ಣಿಗೆ ಇದಕ್ಕಿಂತ ಭದ್ರವಾದ ನಡೆ ಇಲ್ಲ. ಕಪ್ಪು ಆನೆಯ ಕಾಟ ತಪ್ಪುತ್ತದೆ, ಉಳಿಯುವುದು ಒಂಟೆಗೆ ಒಂಟೆ, ಅದನ್ನು ತಡೆಯಬಹುದು.

ಗುಕೇಶ್ ಆನೆಯನ್ನು ಹೊಡೆದರು, ಡಿಂಗ್ ರಾಜನಿಂದ ತಿರುಗಿ ಹೊಡೆದರು. ಮುಂದಿನ ನಡೆಯಲ್ಲಿ ಗುಕೇಶ್ ಒಂಟೆಯನ್ನು ಡಿ5ಕ್ಕೆ ಇಟ್ಟರು, ಬಿಳಿ ಒಂಟೆಯ ಮುಖಕ್ಕೇ. ಈಗ ಎ8ರ ಒಂಟೆ ಎಲ್ಲಿಗೆ ಹೋಗಬೇಕು? ಮೂಲೆಯಲ್ಲಿ ನಿಂತ ಒಂಟೆಗೆ ಇರುವುದು ಒಂದೇ ಓರೆಸಾಲು. ಆ ಸಾಲಿನಲ್ಲಿ ಬಿ7ಕ್ಕೆ ಬಂದರೂ ಸಿ6ಕ್ಕೆ ಬಂದರೂ ಡಿ5ರ ಒಂಟೆ ಹೊಡೆಯುತ್ತದೆ. ತಾನೇ ಹೊಡೆದರೆ ರಾಜ ತಿರುಗಿ ಹೊಡೆಯುತ್ತಾನೆ. ಅಂದರೆ ಆನೆಯ ಜೊತೆಗೆ ಒಂಟೆಗಳೂ ಹೋಗಲೇಬೇಕು. ಒಂಟೆ ಎ8ರ ಬದಲು ಬಿ7ರಲ್ಲಿ ನಿಂತಿದ್ದರೆ ಎ6ಕ್ಕೋ ಸಿ8ಕ್ಕೋ ಸರಿದು ತಪ್ಪಿಸಿಕೊಳ್ಳಬಹುದಿತ್ತು. ಎರಡು ನಡೆ ಹಿಂದಷ್ಟೇ ಡಿಂಗ್ ಅದನ್ನು ಎದುರಾಳಿಯ ಕಾಯಿಗಳಿಂದ ಅತಿ ದೂರದ ಮನೆಗೆ, ಮೂಲೆಗೆ, ತಳ್ಳಿದ್ದರು. ದೂರ ಇದ್ದರೆ ಸುರಕ್ಷಿತ ಎಂಬ ಭಾವನೆ ಎಲ್ಲ ಆಟಗಾರರಿಗೂ ಬರುತ್ತದೆ. ಒಂಟೆಯ ಮಟ್ಟಿಗೆ ಮೂಲೆ ಎಂದರೆ ತಪ್ಪಿಸಿಕೊಳ್ಳುವ ದಾರಿಗಳನ್ನು ತಾನೇ ಮುಚ್ಚಿಕೊಂಡ ಮನೆ.

ಒಂಟೆಗಳು ಹೋದ ಮೇಲೆ ಉಳಿದದ್ದು ರಾಜ ಮತ್ತು ಕಾಲಾಳುಗಳ ಆಟ. ಡಿಂಗ್ ರಾಜನನ್ನು ಇ3ಕ್ಕೆ ತಂದರು, ಗುಕೇಶ್ ತಮ್ಮ ರಾಜನನ್ನು ಇ5ಕ್ಕೆ ತಂದು ಒಂದು ಮನೆ ಬಿಟ್ಟು ಎದುರು ನಿಲ್ಲಿಸಿದರು. ಈಗ ಬಿಳಿಯ ಸರದಿ. ಬಿಳಿ ರಾಜ ಎತ್ತ ಸರಿದರೂ ಕಪ್ಪು ರಾಜನಿಗೆ ಇನ್ನೊಂದು ಕಡೆಯಿಂದ ಒಳಗೆ ಬರಲು ದಾರಿ. ಅವನು ಇ2ಕ್ಕೆ ಹಿಂದೆ ಹೋದರೆ ಇವನು ಇ4ಕ್ಕೆ ಬರುತ್ತಾನೆ, ಅಲ್ಲಿಂದ ಸುತ್ತಿಬಂದು ಜಿ3ರ ಕಾಲಾಳನ್ನು ತಿನ್ನುತ್ತಾನೆ. ಪಕ್ಕಕ್ಕೆ ಹೋದರೆ ಎಫ್ ಕಾಲಾಳನ್ನು ಮುಂದೆ ನೂಕಿ, ಅದಲುಬದಲು ಮಾಡಿ, ಉಳಿದ ಒಂದು ಕಾಲಾಳನ್ನು ರಾಣಿ ಮಾಡಿಕೊಳ್ಳುತ್ತಾನೆ. ಡಿಂಗ್ ಅಲ್ಲೇ ಸೋಲೊಪ್ಪಿದರು. 58 ನಡೆಗಳಲ್ಲಿ ಆಟ ಮುಗಿಯಿತು, 7.5–6.5ರಿಂದ ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು. ಆ ವಯಸ್ಸಿಗೆ ನಿರ್ವಿವಾದ ಚಾಂಪಿಯನ್ ಆದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ.

ಡಿಂಗ್ ಅವರ ನಡೆಯನ್ನು ಹೀಗಳೆಯುವುದು ಸುಲಭ, ಆದರೆ ಅದರ ಹಿಂದಿನ ಯೋಚನೆ ನಮ್ಮೆಲ್ಲರದೂ ಹೌದು. ಕಾಯಿ ಕಡಿಮೆಯಾದರೆ ಕಷ್ಟವೂ ಕಡಿಮೆ ಎಂದು ಕೈ ತಾನಾಗಿ ಹೊಡೆತಕ್ಕೆ ಹೋಗುತ್ತದೆ. ಇಲ್ಲಿ ಹಳೆಯ ಒಂದು ಪಾಠವನ್ನು ನೆನೆಯಬೇಕು: ಒಂದು ಕಾಲಾಳು ಮುಂದಿರುವವನು ಕಾಯಿಗಳನ್ನು ಬದಲಿಸಿಕೊಳ್ಳಬೇಕು, ಹಿಂದಿರುವವನು ಕಾಲಾಳುಗಳನ್ನು. ಹಲಗೆಯಲ್ಲಿ ಆನೆ ಇದ್ದರೆ ಹಿಂದಿರುವವನು ಚೆಕ್ ಕೊಡುತ್ತಾ, ಅಡ್ಡ ನಿಲ್ಲುತ್ತಾ ಉಳಿಯಬಹುದು. ಒಂಟೆ ಇದ್ದರೆ ಅದನ್ನು ಕಾಲಾಳಿಗೆ ಬಲಿಕೊಟ್ಟಾದರೂ ಉಳಿಯುವ ಸಾಧ್ಯತೆ ಇರುತ್ತದೆ. ಬರೀ ರಾಜ ಮತ್ತು ಕಾಲಾಳು ಉಳಿದಾಗ ಒಂದು ಕಾಲಾಳಿನ ಕೊರತೆ ಹೆಚ್ಚಿನ ಸಲ ಸೋಲೇ. ಆ ಆಟದಲ್ಲಿ ಮಸುಕು ಎಂಬುದಿಲ್ಲ. ಗೆಲುವು ಅಥವಾ ಡ್ರಾ, ಒಂದೇ ಒಂದು ನಡೆಯ ಸರದಿಯ ಮೇಲೆ ನಿಂತಿರುತ್ತದೆ. ಆದ್ದರಿಂದಲೇ ಅಂಥ ಆಟಕ್ಕೆ ದಾರಿ ಮಾಡುವ ಹೊಡೆತವನ್ನು ಕೊನೆಯವರೆಗೂ ಎಣಿಸದೆ ಆಡಬಾರದು. ಎಣಿಸಲು ಸಮಯವಿಲ್ಲದಿದ್ದರೆ ಕಾಯಿಗಳನ್ನು ಹಲಗೆಯ ಮೇಲೆಯೇ ಬಿಡುವುದು ಭದ್ರ. ಡಿಂಗ್‌ಗೆ ಆನೆಯನ್ನು ನಾಲ್ಕನೇ ಸಾಲಿನಲ್ಲೇ ಓಡಾಡಿಸುತ್ತಾ, ಎದುರಾಳಿ ಏನಾದರೂ ಮಾಡಿ ತೋರಿಸಲಿ ಎಂದು ಕಾಯುವ ದಾರಿ ತೆರೆದಿತ್ತು.

ಗುಕೇಶ್ ಅವರ ಭಾಗವನ್ನೂ ಗಮನಿಸಬೇಕು. ಡ್ರಾ ಎಂದು ಎಲ್ಲರೂ ಅಂದುಕೊಂಡಿದ್ದ ಸ್ಥಿತಿಯಲ್ಲಿ ಅವರು ಡ್ರಾ ಕೇಳಲಿಲ್ಲ, ಅವಸರವನ್ನೂ ಮಾಡಲಿಲ್ಲ. ಎದುರಾಳಿಯ ಸಮಯ ಕಡಿಮೆ ಇದ್ದಾಗ ತಾನೂ ಬೇಗ ಬೇಗ ಆಡಿ ಅವನನ್ನು ಹೆದರಿಸಬೇಕು ಎಂದು ಬಹಳ ಮಂದಿ ಯೋಚಿಸುತ್ತಾರೆ. ಅದರಿಂದ ಆಗುವುದು ಒಂದೇ: ತನ್ನ ಬಳಿ ಇರುವ ಏಕೈಕ ಅನುಕೂಲವನ್ನು ತಾನೇ ಬಿಟ್ಟುಕೊಟ್ಟಂತೆ. ಸಮಯ ಇರುವವನು ತನ್ನ ಸಮಯವನ್ನು ಬಳಸಿ, ಎದುರಿನವನು ಪ್ರತಿ ನಡೆಯಲ್ಲೂ ಹೊಸದಾಗಿ ತೀರ್ಮಾನ ಮಾಡಬೇಕಾದ ಸ್ಥಿತಿಯನ್ನು ಉಳಿಸಿಕೊಂಡು ಹೋಗಬೇಕು. ಸಿಂಗಪುರದಲ್ಲಿ ಆದದ್ದು ಅದೇ.

ಇನ್ನು ನಮ್ಮ ನಿಮ್ಮ ಮಟ್ಟದ ಆಟಕ್ಕೆ ಬರೋಣ. ವಾರಾಂತ್ಯದ ರ‍್ಯಾಪಿಡ್ ಪಂದ್ಯಾವಳಿಯ ಹಲಗೆಯಲ್ಲಿ ಕೂತಿದ್ದೀರಿ, ಒಂದು ನಿಮಿಷ ಉಳಿದಿದೆ, ಹಲಗೆ ತುಂಬಾ ಕಾಯಿ. ಮೊದಲು ನೋಡಬೇಕಾದದ್ದು ಎದುರಾಳಿ ಈಗ ಆಡಿದ ನಡೆಯಿಂದ ಏನು ಬದಲಾಯಿತು ಎಂಬುದನ್ನು: ಅವನಿಗೆ ಚೆಕ್ ಕೊಡಲು ಬರುತ್ತದೆಯೇ, ಹೊಡೆಯಲು ಏನಾದರೂ ಸಿಗುತ್ತದೆಯೇ. ಇದಕ್ಕೆ ಐದು ಸೆಕೆಂಡ್ ಸಾಕು, ಆದರೆ ಆ ಐದು ಸೆಕೆಂಡ್ ಬಿಡಬಾರದು. ಸಮಯದ ಇಕ್ಕಟ್ಟಿನಲ್ಲಿ ಹೋಗುವ ಕಾಯಿಗಳಲ್ಲಿ ಹೆಚ್ಚಿನವು ಆಳವಾದ ತಂತ್ರಕ್ಕೆ ಬಲಿಯಾದವಲ್ಲ, ಒಂದೇ ನಡೆಯಲ್ಲಿ ಕಾಣಬಹುದಾದ ಹೊಡೆತವನ್ನು ನೋಡದೆ ಹೋದವು. ಅನಂತರ ನಿಮ್ಮ ಕಾಯಿಗಳ ಮೇಲೆ ಕಣ್ಣು ಹಾಯಿಸಿ: ಕಾವಲಿಲ್ಲದ್ದು ಯಾವುದು? ಇದ್ದರೆ ಅದನ್ನು ಇನ್ನೊಂದು ಕಾಯಿಯ ಪಕ್ಕಕ್ಕೆ, ಕಾಲಾಳಿನ ಬೆಂಬಲಕ್ಕೆ, ಅಥವಾ ರಾಜನ ಹತ್ತಿರಕ್ಕೆ ತರುವ ನಡೆಯೇ ಹೆಚ್ಚಿನ ಸಲ ಸರಿಯಾದ ನಡೆ. ಕಾವಲಿಲ್ಲದ್ದು ಯಾವುದೂ ಇಲ್ಲದಿದ್ದರೆ ಅತಿ ಕಡಿಮೆ ಕೆಲಸ ಮಾಡುತ್ತಿರುವ ಕಾಯಿಯನ್ನು ತುಸು ಒಳ್ಳೆಯ ಮನೆಗೆ ಸರಿಸಿ, ಅಥವಾ ಹಿಂದಿನ ಸಾಲಿನಲ್ಲಿ ಸಿಕ್ಕಿಬಿದ್ದಿರುವ ರಾಜನಿಗೆ ಒಂದು ಕಿಟಕಿ ತೆರೆಯಿರಿ. ರಾಜನ ಮುಂದಿನ ಕಾಲಾಳನ್ನು ಒಂದು ಮನೆ ಮುಂದೆ ಇಡುವ ಈ ನಡೆ ಕಾಲಾಳಿನ ನಡೆಯೇ ಆದರೂ ಹಿಂದಿನ ಸಾಲಿನ ಮೇಟ್ ಎಂಬ ಭಯವನ್ನು ಆಟದ ಕೊನೆಯವರೆಗೆ ತೆಗೆದುಹಾಕುತ್ತದೆ. ರಾಜನ ಮೇಲೆ ದಾಳಿ ನಡೆಯುತ್ತಿದ್ದರೆ ಮಾತ್ರ ಎರಡು ಸಲ ಯೋಚಿಸಿ. ಆಗ ಅದೇ ಕಾಲಾಳು ಎದುರಾಳಿಗೆ ಹಿಡಿದೆಳೆಯಲು ಸಿಗುವ ಕೊಕ್ಕೆಯಾಗುತ್ತದೆ.

ಸಮಯವನ್ನು ಸಮನಾಗಿ ಹಂಚಬೇಕಿಲ್ಲ. ಎದುರಾಳಿ ಹೊಡೆದಾಗ ತಿರುಗಿ ಹೊಡೆಯುವುದು ಬಿಟ್ಟರೆ ಬೇರೆ ದಾರಿಯಿಲ್ಲದಿದ್ದರೆ ಎರಡೇ ಸೆಕೆಂಡ್‌ನಲ್ಲಿ ಹೊಡೆಯಿರಿ. ಹಾಗೆ ಉಳಿಸಿದ್ದನ್ನು ಕಾಯಿ ಬದಲಿಸುವ ಅಥವಾ ಕಾಲಾಳು ನೂಕುವ, ಅಂದರೆ ಹಿಂದೆ ಬರಲಾಗದ ಒಂದು ತೀರ್ಮಾನಕ್ಕಾಗಿ ಇಟ್ಟುಕೊಳ್ಳಿ. ನಿಯಮಗಳೂ ಸ್ವಲ್ಪ ಸಹಾಯ ಮಾಡುತ್ತವೆ. ನಡೆಗಳನ್ನು ಬರೆದಿಡಬೇಕಾದ ದೀರ್ಘ ಆಟದಲ್ಲಿ ಐದು ನಿಮಿಷಕ್ಕಿಂತ ಕಡಿಮೆ ಉಳಿದು, ಪ್ರತಿ ನಡೆಗೆ 30 ಸೆಕೆಂಡ್ ಸೇರುವ ವ್ಯವಸ್ಥೆಯೂ ಇಲ್ಲದಿದ್ದರೆ, ಬರೆಯುವುದನ್ನು ನಿಲ್ಲಿಸಬಹುದು. ಆದರೆ ಆಗ ಎಷ್ಟನೇ ನಡೆ ಎಂಬುದು ತಪ್ಪಿಹೋಗಿ, 40 ದಾಟಿದ ಮೇಲೂ ಅದೇ ಭರದಲ್ಲಿ ಆಡಿ ಗೆದ್ದ ಆಟ ಕಳೆದುಕೊಂಡವರು ಚೆಸ್ ಇತಿಹಾಸದ ತುಂಬಾ ಇದ್ದಾರೆ. ಇನ್ನೊಂದು ಎಚ್ಚರ: ಅವಸರದಲ್ಲಿ ನಿಯಮ ಮೀರಿದ ನಡೆ ಆಡಿ ಗಡಿಯಾರ ಒತ್ತಿದರೆ ಸಾಮಾನ್ಯವಾಗಿ ಎದುರಾಳಿಗೆ ಎರಡು ನಿಮಿಷ ಹೆಚ್ಚು ಸಿಗುತ್ತದೆ, ಎರಡನೇ ಸಲ ಹಾಗಾದರೆ ಆಟವೇ ಹೋಗುತ್ತದೆ. ನಿಮ್ಮ ರಾಜನಿಗೆ ಚೆಕ್ ಇದೆಯೇ ಎಂದು ನೋಡಿಕೊಳ್ಳುವುದು ಅದಕ್ಕೂ ಒಳ್ಳೆಯದು.

ಈ ಕ್ರಮ ಕೆಲಸ ಮಾಡದ ಸ್ಥಿತಿಗಳೂ ಇವೆ. ರಾಜನ ಮೇಲೆ ನೇರ ದಾಳಿ ನಡೆಯುತ್ತಿದ್ದರೆ, ಎದುರಾಳಿಯ ರಾಣಿ ಮತ್ತು ಕುದುರೆ ಬಾಗಿಲಲ್ಲೇ ನಿಂತಿದ್ದರೆ, ಕಾಯಿಯೊಂದನ್ನು ಒಳ್ಳೆಯ ಮನೆಗೆ ಸರಿಸುತ್ತಾ ಕೂರಲಾಗದು. ಆಗ ಇರುವ ಸಮಯವನ್ನೆಲ್ಲ ಆ ಒಂದೇ ನಡೆಗೆ ಸುರಿಯಬೇಕು, ಉಳಿದವನ್ನು ಆಮೇಲೆ ನೋಡಿಕೊಳ್ಳಬೇಕು. ಅಂಥ ಕಡೆ ಭದ್ರವಾದ ನಡೆ ಎಂದರೆ ಬಹಳ ಸಲ ದಾಳಿಯಲ್ಲೇ ಇರುತ್ತದೆ: ನಿಮ್ಮ ರಾಣಿ ಎದುರು ರಾಜನಿಗೆ ಬಿಡದೆ ಚೆಕ್ ಕೊಡುತ್ತಾ ಹೋಗಬಲ್ಲಳಾದರೆ ಅದೇ ಸ್ಥಿತಿ ಮೂರು ಸಲ ಬಂದಾಗ ನೀವು ಡ್ರಾ ಕೇಳಬಹುದು. ಮೇಲೆ ಕೆಳಗೆ ಕಾಣದ ಗೊಂದಲದಲ್ಲಿ, ಅರ್ಧ ನಿಮಿಷದಲ್ಲಿ, ಇದಕ್ಕಿಂತ ಒಳ್ಳೆಯ ವ್ಯಾಪಾರ ಅಪರೂಪ. ಎದುರಾಳಿಯ ಬಳಿ ಧಾರಾಳ ಸಮಯವಿದ್ದು, ನೀವು ಬರೀ ಹಿಂದೆ ಮುಂದೆ ಸರಿಯುತ್ತಿದ್ದರೂ ಕಷ್ಟವೇ. ಅವನು ಒಂದು ಬೆದರಿಕೆಗೆ ಇನ್ನೊಂದನ್ನು ಸೇರಿಸುತ್ತಾನೆ, ಎರಡನ್ನೂ ಒಂದೇ ನಡೆಯಲ್ಲಿ ತಡೆಯಲು ಆಗದ ಕ್ಷಣ ಬರುತ್ತದೆ. ನಿಮ್ಮ ಭದ್ರ ನಡೆ ನಿಜಕ್ಕೂ ಭದ್ರವೋ ಎಂದು ತಿಳಿಯಲು ಇದೊಂದು ಗುರುತು: ಅದನ್ನು ಆಡಿದ ಮೇಲೆ ಎದುರಾಳಿಯ ಆಯ್ಕೆಗಳು ಹೆಚ್ಚಿದವೋ, ಕಡಿಮೆಯಾದವೋ?

ಡ್ರಾ ಕೇಳುವುದೂ ಒಂದು ಭದ್ರ ನಡೆಯೇ, ಅದರ ಬಗ್ಗೆ ಚೆಸ್ ಲೋಕ ಇವತ್ತಿಗೂ ವಾದ ಮಾಡುತ್ತದೆ. 2018ರ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ಇದೇ ಕಾರ್ಲ್‌ಸನ್ ಅಮೆರಿಕದ ಫ್ಯಾಬಿಯಾನೊ ಕರುವಾನ ವಿರುದ್ಧ ಆಡುತ್ತಿದ್ದರು. ಹನ್ನೊಂದು ಆಟವೂ ಡ್ರಾ. ಹನ್ನೆರಡನೇ ಆಟದಲ್ಲಿ ಕಪ್ಪು ಕಾಯಿಯ ಕಾರ್ಲ್‌ಸನ್ ಅವರ ಸ್ಥಿತಿ ಒಳ್ಳೆಯದಿತ್ತು, ಸಮಯವೂ ಅವರ ಬಳಿಯೇ ಹೆಚ್ಚಿತ್ತು, ಇಕ್ಕಟ್ಟಿನಲ್ಲಿದ್ದವರು ಕರುವಾನ. ಆದರೂ 31ನೇ ನಡೆಯಲ್ಲಿ ಕಾರ್ಲ್‌ಸನ್ ಡ್ರಾ ಕೇಳಿದರು. ಗ್ಯಾರಿ ಕ್ಯಾಸ್ಪರೋವ್ ಸೇರಿದಂತೆ ಹಲವು ಹಳೆಯ ಚಾಂಪಿಯನ್‌ಗಳು ಅಚ್ಚರಿಪಟ್ಟರು, ಧೈರ್ಯ ಕುಂದಿದೆ ಎಂದರು. ಕಾರ್ಲ್‌ಸನ್ ಲೆಕ್ಕ ಬೇರೆಯಿತ್ತು. ಮುಂದಿನದು ಕಡಿಮೆ ಸಮಯದ ಆಟಗಳು, ಅಲ್ಲಿ ತಾನು ಎದುರಾಳಿಗಿಂತ ಬಲಶಾಲಿ ಎಂಬುದು ಅವರಿಗೆ ಗೊತ್ತಿತ್ತು. ಎರಡು ದಿನಗಳ ನಂತರ, ನವೆಂಬರ್ 28ರಂದು, ಆ ಆಟಗಳನ್ನು 3–0ರಿಂದ ಗೆದ್ದು ಅವರು ಪಟ್ಟ ಉಳಿಸಿಕೊಂಡರು. ಹನ್ನೆರಡನೇ ಆಟವನ್ನು ಮುಂದುವರಿಸಿದ್ದರೆ ಅಲ್ಲೇ ಗೆಲ್ಲುತ್ತಿದ್ದರೋ ಏನೋ, ಆದರೆ ಅದಕ್ಕೆ ಅವರು ಗೊಂದಲದ ಹಲಗೆಯಲ್ಲಿ ಇನ್ನೂ ಹತ್ತಾರು ನಡೆ ಲೆಕ್ಕ ಹಾಕಬೇಕಿತ್ತು. ನನಗನ್ನಿಸುವಂತೆ ಅಂದು ಅವರು ಆಡಿದ್ದು ಸರಿ. ಆದರೆ ಅದು ಸರಿಯಾಗಿದ್ದು ಮುಂದಿನ ದಾರಿ ಅವರಿಗೆ ಕಾಣುತ್ತಿದ್ದುದರಿಂದ. ಅದೇ ಜಾಗದಲ್ಲಿ ವೇಗದ ಆಟದಲ್ಲಿ ದುರ್ಬಲನಾದ ಆಟಗಾರ ಕೂತಿದ್ದರೆ ಡ್ರಾ ಕೇಳುವುದಕ್ಕಿಂತ ಹಲಗೆಯ ಮೇಲೆ ಉಳಿಯುವುದೇ ಅವನಿಗೆ ಭದ್ರವಾಗುತ್ತಿತ್ತು.